ಕೊನೆಯ ಮಾತು ಯಾರ ಮುಖ ನೋಡಿ ಹೇಳುತ್ತೀರಿ?

ಪ್ರಶ್ನೆ: ಈ ತಿಂಗಳ ಕೊನೆಯ ದಿನ ನಮ್ಮ ಸರ್ಕಾರಿ ಪ್ರೌಢಶಾಲೆಯ ಹೆಡ್‌ಮಾಸ್ಟರ್ ನಿವೃತ್ತರಾಗುತ್ತಿದ್ದಾರೆ. ಸಿಬ್ಬಂದಿ ಪರವಾಗಿ ನಾನು ಐದು ನಿಮಿಷ ಮಾತಾಡಬೇಕು. ಮುಗಿಸೋದು ಹೇಗೆ ಅಂತಲೇ ಗೊತ್ತಾಗ್ತಿಲ್ಲ. 'ಹುಲ್ಲಾಗು ಬೆಟ್ಟದಡಿ' ಹೇಳಲಾ, ಆಯುರಾರೋಗ್ಯ ಹಾರೈಸಲಾ, ಒಂದು ಜೋಕ್ ಹೇಳಿ ಕೂರಲಾ? ಸುಮ್ನೆ ಕೈಮುಗಿದು ಇಳಿದುಬಿಡು ಅಂತಾರೆ ನಮ್ಮ ಯಜಮಾನರು. ಸರ್ ಶಿಸ್ತಿನವರು. ಬಿಸಿಯೂಟದ ರುಚಿ ದಿನಾ ತಾವೇ ಮೊದಲು ನೋಡೋರು. 'ಎರಡೇ ನಿಮಿಷ' ಅಂತ ಮೀಟಿಂಗ್ ಕರೆದು ಒಂದು ಗಂಟೆ ಕೂರಿಸೋರು. ಹೋದ ವರ್ಷ ಅವರ ಮನೆಯವರು ತೀರಿಕೊಂಡರು. ನನಗೋ ಅಳು ಬೇಗ ಬರುತ್ತೆ.
— ಒಬ್ಬ ಶಿಕ್ಷಕಿ, ದಾವಣಗೆರೆ ಜಿಲ್ಲೆ

ಸಂಪಾದಕರ ಉತ್ತರ: ಮೇಡಂ, ಹಾರೈಕೆಯಿಂದಲೇ ಮುಗಿಸಿ. ಆದರೆ ಆಯುರಾರೋಗ್ಯದ ಹಾರೈಕೆ ಬೇಡ. ಅದು ಯಾಕೆ ಅಂತ ಹೇಳೋಕೆ ಸ್ವಲ್ಪ ಸುತ್ತಿ ಬರಬೇಕಾಗುತ್ತದೆ.

ಅವತ್ತು ನಿಮ್ಮ ಸರ್ ವೇದಿಕೆಯ ನಡುವಿನ ಕುರ್ಚಿಯಲ್ಲಿ ಕೂತಿರುತ್ತಾರೆ. ತಲೆಗೆ ಮೈಸೂರು ಪೇಟ, ಹೆಗಲಿಗೆ ಶಾಲು, ಕೊರಳಿಗೆ ಹಾರ, ತೊಡೆಯ ಮೇಲೆ ಹಣ್ಣಿನ ಬುಟ್ಟಿ. ಏಳೋ ಹಾಗಿಲ್ಲ, ಎದ್ದು ಹೋಗೋ ಹಾಗಿಲ್ಲ. ನೀವು ಕೊನೆಯ ವಾಕ್ಯ ಹೇಳಿದ ಕೂಡಲೇ ಎಲ್ಲರೂ ಅವರ ಮುಖ ನೋಡುತ್ತಾರೆ, ಫೋನುಗಳೂ ಆ ಕಡೆಗೇ ತಿರುಗುತ್ತವೆ. ಹಾಗಾಗಿ 'ಏನು ಹೇಳಿದರೆ ಚೆನ್ನಾಗಿರುತ್ತೆ' ಅಂತ ಯೋಚಿಸಬೇಡಿ. ಅದನ್ನು ಕೇಳಿಸಿಕೊಂಡು ಆ ಮನುಷ್ಯ ಏನು ಮಾಡಬೇಕಾಗುತ್ತೆ ಅಂತ ಯೋಚಿಸಿ. ನಗಬೇಕಾ, ತಲೆ ತಗ್ಗಿಸಬೇಕಾ, ಕಣ್ಣು ಒರೆಸಿಕೊಳ್ಳಬೇಕಾ? ನಾಲ್ಕು ದಾರಿಗಳಲ್ಲಿ ಒಂದನ್ನು ಆರಿಸೋಕೆ ನನ್ನ ಅಳತೆ ಇದೊಂದೇ.

ಮೊದಲು ಕಗ್ಗ. 'ಹುಲ್ಲಾಗು ಬೆಟ್ಟದಡಿ' ಕೇಳದ ಬೀಳ್ಕೊಡುಗೆ ನಮ್ಮಲ್ಲಿ ಕಡಿಮೆ. ಡಿವಿಜಿ ಅವರ ಆ ಪದ್ಯ ಎಲ್ಲರಿಗೂ ಬಾಯಿಗೆ ಬರುತ್ತದೆ. ಅದಕ್ಕೇ ಯಾರೂ ಎರಡನೇ ಸಾಲನ್ನು ಕಿವಿಗೊಟ್ಟು ಕೇಳೋದಿಲ್ಲ. 'ಕಲ್ಲಾಗು ಕಷ್ಟಗಳ ಮಳೆಯ ವಿಧಿ ಸುರಿಯೆ.' ವರ್ಷದ ಹಿಂದೆ ಹೆಂಡತಿಯನ್ನು ಕಳಕೊಂಡವರಿಗೆ ಊರ ಜನರ ಮುಂದೆ ಮೈಕಿನಲ್ಲಿ 'ಕಲ್ಲಾಗು' ಅಂತ ಹೇಳಬೇಕಾ? ಪದ್ಯದ ತಪ್ಪೇನೂ ಇಲ್ಲ. ಅದರಲ್ಲಿ ಕವಿ ಮಂಕುತಿಮ್ಮನಿಗೆ ಬುದ್ಧಿ ಹೇಳುತ್ತಿದ್ದಾರೆ. ಹತ್ತನೇ ಕ್ಲಾಸಿನ ಮಕ್ಕಳನ್ನು ಬೀಳ್ಕೊಡುವಾಗ ಹೇಳಿ, ಸೊಗಸಾಗಿ ಒಪ್ಪುತ್ತದೆ. ಅರವತ್ತು ತುಂಬಿದ ಹೆಡ್‌ಮಾಸ್ಟರಿಗೆ ಅವರ ಕೈಕೆಳಗೆ ಕೆಲಸ ಮಾಡಿದವರು ಹೇಳಿದರೆ ಒಪ್ಪೋದಿಲ್ಲ. ಯಾವ ಪದ್ಯವನ್ನೇ ಆಗಲಿ ಪೂರ್ತಿ ಓದದೆ ವೇದಿಕೆಗೆ ಒಯ್ಯಬೇಡಿ. 'ಮಾನವ ಜನ್ಮ ದೊಡ್ಡದು' ಅಂತ ಗಂಭೀರವಾಗಿ ಶುರು ಮಾಡಿದವರಿಗೆ ಮುಂದೆ 'ಹುಚ್ಚಪ್ಪಗಳಿರಾ' ಬರುತ್ತೆ ಅನ್ನೋದು ಅರ್ಧ ದಾರಿಯಲ್ಲಿ ನೆನಪಾಗುತ್ತದೆ.

ಪರರ ಮಾತಿನಿಂದ ಮುಗಿಸಿ ಗೆದ್ದವರೂ ಇದ್ದಾರೆ. ಅಮೆರಿಕದ ಜನರಲ್ ಡಗ್ಲಸ್ ಮ್ಯಾಕ್‌ಆರ್ಥರ್ 1951ರ ಏಪ್ರಿಲ್ 19ರಂದು ಅಲ್ಲಿನ ಕಾಂಗ್ರೆಸ್ ಎದುರು ಮಾಡಿದ ಭಾಷಣ ನೋಡಿ. ಮ್ಯಾಕ್‌ಆರ್ಥರ್ ಅವರನ್ನು ಅಧ್ಯಕ್ಷ ಟ್ರೂಮನ್ ಹುದ್ದೆಯಿಂದ ತೆಗೆದು ಕೆಲವೇ ದಿನ ಆಗಿತ್ತು. ಹಳೆಯ ಸೈನಿಕರು ಸಾಯೋದಿಲ್ಲ, ಮೆಲ್ಲಗೆ ಮರೆಯಾಗುತ್ತಾರೆ ಅನ್ನೋ ಮಾತು ಆ ಭಾಷಣದಿಂದಲೇ ಮನೆಮಾತಾಯಿತು. ಆದರೆ ಅವರು ಆ ಸಾಲನ್ನು ದಿಢೀರಂತ ತಂದು ಎಸೆಯಲಿಲ್ಲ. ಐವತ್ತೆರಡು ವರ್ಷದ ಸೇವೆ ಮುಗಿಸುತ್ತಿದ್ದೇನೆ ಅಂದರು. ತಾನು ಸೇನೆಗೆ ಸೇರಿದ ಕಾಲದಲ್ಲಿ ಬ್ಯಾರಕ್‌ಗಳಲ್ಲಿ ಹಾಡುತ್ತಿದ್ದ ಒಂದು ಹಾಡಿನ ಸಾಲು ಇದು ಅಂತ ಹೇಳಿದರು. ಸಾಲು ಹೇಳಿದ ಮೇಲೂ ಅಲ್ಲಿಗೇ ನಿಲ್ಲಿಸಲಿಲ್ಲ. ಆ ಹಾಡಿನ ಸೈನಿಕನ ಹಾಗೆ ನಾನೂ ಈಗ ಮರೆಯಾಗುತ್ತೇನೆ, ತನ್ನ ಕರ್ತವ್ಯ ಮಾಡೋಕೆ ಪ್ರಯತ್ನಪಟ್ಟ ಒಬ್ಬ ಹಳೆಯ ಸೈನಿಕ ನಾನು ಅಂತ ತನ್ನದೇ ಮಾತು ಸೇರಿಸಿದರು. ಆಮೇಲೆ 'ಗುಡ್ ಬೈ', ಅಷ್ಟೇ. ಅದು ಅವರು ಬಾಳಿದ ಜಾಗದ ಹಾಡು, ಕೊನೆಯ ವಾಕ್ಯ ಅವರದೇ. ನಿಮ್ಮ ಸರ್ ಪಾಠ ಮಾಡುವಾಗ ಪದೇ ಪದೇ ಹೇಳುತ್ತಿದ್ದ ಪದ್ಯವೋ ಗಾದೆಯೋ ಇದ್ದರೆ ಅದನ್ನು ಧಾರಾಳವಾಗಿ ತನ್ನಿ. ಇಲ್ಲದಿದ್ದರೆ ಬಿಡಿ.

ಇನ್ನು ನಿಮ್ಮ ಯಜಮಾನರು ಹೇಳಿದ ಮೌನ. ಮೌನ ಹೊರಡುವವರಿಗೆ ಒಪ್ಪುತ್ತದೆ, ಕಳಿಸಿಕೊಡುವವರಿಗೆ ಅಷ್ಟಾಗಿ ಒಪ್ಪೋದಿಲ್ಲ. 2013ರ ನವೆಂಬರ್ 16ರಂದು ವಾಂಖೆಡೆಯಲ್ಲಿ ಸಚಿನ್ ತೆಂಡೂಲ್ಕರ್ ಮಾತು ಮುಗಿಸಿ, ಮೈದಾನ ಸುತ್ತಿ ಬಂದು, ಕೊನೆಗೆ ಒಬ್ಬರೇ ಪಿಚ್ ಹತ್ತಿರ ಹೋಗಿ ಮುಟ್ಟಿ ನಮಸ್ಕಾರ ಮಾಡಿದರು. ಅಲ್ಲಿ ಮಾತು ಬೇಕಾಗಿರಲಿಲ್ಲ, ಆಡಬೇಕಾದ್ದನ್ನೆಲ್ಲ ಅವರು ಮೊದಲೇ ಆಡಿ ಮುಗಿಸಿದ್ದರು. ನೀವು ಸಿಬ್ಬಂದಿಯ ಪರವಾಗಿ ನಿಂತವರು. ನೀವು ಏನೂ ಹೇಳದೆ ಇಳಿದರೆ ಎಲ್ಲರ ಬಾಯಿಯೂ ಕಟ್ಟಿದ ಹಾಗೆ. ನಮ್ಮ ಸಮಾರಂಭಗಳಲ್ಲಿ ಮೌನಕ್ಕೆ ಇನ್ನೊಂದು ಕಷ್ಟವೂ ಇದೆ. ನಿರೂಪಕರು ಅದನ್ನು ಎರಡು ಸೆಕೆಂಡ್ ಇರೋಕೆ ಬಿಡೋದಿಲ್ಲ. 'ಎಂಥ ಭಾವಪೂರ್ಣ ಮಾತುಗಳು' ಅಂತ ಮೈಕ್ ಹಿಡಿದೇಬಿಡುತ್ತಾರೆ. ಮೌನ ಬೇಕೇ ಬೇಕು ಅಂದರೆ ಅದನ್ನು ಕೊನೆಯ ವಾಕ್ಯದ *ಮೊದಲು* ಇಡಿ. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ನಿಂತು, ಸರ್ ಕಡೆ ತಿರುಗಿ, ಆಮೇಲೆ ಹೇಳಿ. ಆ ಜಾಗದಲ್ಲಿ ಯಾರೂ ನಡುವೆ ಬರೋದಿಲ್ಲ.

ಅಳುವಿನ ಮಾತು. ಅಳು ಬಂದರೆ ಬರಲಿ, ಅದಕ್ಕೆ ಹೆದರಬೇಡಿ. ಆದರೆ ವಾಕ್ಯ ಅರ್ಧಕ್ಕೇ ಬಿಟ್ಟು ಇಳಿಯಬೇಡಿ. ಹಾಗೆ ಮಾಡಿದರೆ ಸರ್ ತಮ್ಮ ದುಃಖ ಬದಿಗಿಟ್ಟು ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ. ಕೊನೆಯ ನಾಲ್ಕು ಸಾಲನ್ನು ದೊಡ್ಡ ಅಕ್ಷರದಲ್ಲಿ ಒಂದು ಚೀಟಿಯಲ್ಲಿ ಬರೆದು ಕೈಯಲ್ಲಿಟ್ಟುಕೊಳ್ಳಿ. ಗಂಟಲು ಕಟ್ಟಿದರೆ ನಿಲ್ಲಿ, ನೀರು ಕುಡಿಯಿರಿ, ಚೀಟಿ ನೋಡಿ ಓದಿ. ಚೀಟಿ ಹಿಡಿಯೋದು ಅವಮಾನ ಅಂದುಕೊಳ್ಳಬೇಡಿ. ಅವತ್ತು ಸಚಿನ್ ಕೈಯಲ್ಲೂ ಹೆಸರುಗಳ ಪಟ್ಟಿ ಇತ್ತು. ಯಾರನ್ನೂ ಮರೆಯಬಾರದು ಅಂತ ತಂದಿದ್ದೇನೆ ಅಂತ ಅವರೇ ಹೇಳಿಕೊಂಡಿದ್ದರು.

ಜೋಕ್ ಬೇಕು, ಆದರೆ ಕೊನೆಗೆ ಬೇಡ. ಕೊನೆಯ ಜೋಕಿಗೆ ಯಾರೂ ನಗದಿದ್ದರೆ ಸರಿಮಾಡಿಕೊಳ್ಳೋಕೆ ನಿಮ್ಮ ಹತ್ತಿರ ಇನ್ನೊಂದು ವಾಕ್ಯ ಉಳಿದಿರೋದಿಲ್ಲ. ಜಾಸ್ತಿ ನಕ್ಕರೂ ಕಷ್ಟವೇ, ಆ ಗದ್ದಲದಲ್ಲಿ ನೀವು ಇಳಿದದ್ದೇ ಗೊತ್ತಾಗೋದಿಲ್ಲ. ಮುಗಿಯೋಕೆ ಒಂದು ನಿಮಿಷ ಇದೆ ಅನ್ನುವಾಗ 'ಎರಡೇ ನಿಮಿಷ'ದ ಮೀಟಿಂಗ್ ತನ್ನಿ. ಅದು ಒಳ್ಳೆಯ ಸರಕು. ಸಿಬ್ಬಂದಿಗೆಲ್ಲ ಗೊತ್ತು, ಸರ್‌ಗೂ ಗೊತ್ತು, ಅದರಲ್ಲಿ ಅವರು ಸಣ್ಣವರಾಗೋದೂ ಇಲ್ಲ. 'ನಾಳೆಯಿಂದ ಮನೆಗೆ ತರಕಾರಿ ತರೋ ಡ್ಯೂಟಿ', 'ಇನ್ನು ಮೇಲೆ ಮೇಡಂ ಅವರೇ ಹೆಡ್‌ಮಾಸ್ಟರ್' ಅನ್ನೋ ನಿವೃತ್ತಿಯ ಹಳೇ ಜೋಕುಗಳನ್ನು ಮಾತ್ರ ಮುಟ್ಟಲೇಬೇಡಿ. ನಿಮಗೆ ವಿಷಯ ಗೊತ್ತಿದೆ, ನೀವು ಹೇಳಲಿಕ್ಕಿಲ್ಲ. ಹೊರಗಿನಿಂದ ಬಂದ ಅತಿಥಿಗಳಿಗೆ ಗೊತ್ತಿರಲಿಕ್ಕಿಲ್ಲ. ಅವರು ಚಹಾ ಕುಡಿಯುವಾಗಲೇ ಯಾರಾದರೂ ಕಿವಿಯಲ್ಲಿ ಹೇಳಿಬಿಡಲಿ.

ಆಯುರಾರೋಗ್ಯದ ಹಾರೈಕೆ ಬೇಡ ಅಂದದ್ದಕ್ಕೂ ಸ್ವಲ್ಪ ಇದೇ ಕಾರಣ. 'ದೇವರು ಅವರಿಗೂ ಅವರ ಕುಟುಂಬಕ್ಕೂ ಆಯುರಾರೋಗ್ಯ ಐಶ್ವರ್ಯ ಕೊಟ್ಟು ಕಾಪಾಡಲಿ' ಅನ್ನೋದು ನಮ್ಮ ನಾಲಿಗೆಗೆ ತಾನಾಗಿ ಬರೋ ಮಾತು. ಕೆಲವರು ಅದೇ ಓಟದಲ್ಲಿ 'ದಂಪತಿಗಳು' ಅಂದುಬಿಡುತ್ತಾರೆ. ಅಷ್ಟೂ ಅನಾಹುತ ಆಗದಿದ್ದರೂ, ನಿಮಗಿಂತ ಮುಂಚೆ ಮಾತಾಡಿದ ಅಷ್ಟೂ ಜನ ಅದನ್ನು ಹೇಳಿರುತ್ತಾರೆ. ಆರನೇ ಸಲ ಕೇಳುವಾಗ ಸರ್ ಕೈ ತಾನೇ ಮುಗಿದಿರುತ್ತದೆ, ಕಿವಿ ಎಲ್ಲೋ ಇರುತ್ತದೆ. ಅವರೊಬ್ಬರಿಗೇ ಸಲ್ಲುವ, ನಿಮ್ಮ ಶಾಲೆಯೇ ನಡೆಸಿಕೊಡಬಹುದಾದ ಒಂದು ಹಾರೈಕೆ ಹುಡುಕಿ. ನಿಮ್ಮ ಪತ್ರದಲ್ಲೇ ಅದು ಇದೆ. ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕು ಅನ್ನೋದು ಬಿಸಿಯೂಟದ ನಿಯಮ. ಅದನ್ನು ಇನ್ನೊಬ್ಬರಿಗೆ ವಹಿಸಬಹುದಿತ್ತು. ಅವರು ವಹಿಸಲಿಲ್ಲ.

ನಾನಾಗಿದ್ದರೆ ಕೊನೆಯನ್ನು ಹೀಗೆ ಬರೆಯುತ್ತಿದ್ದೆ:

"ಸರ್ 'ಎರಡೇ ನಿಮಿಷ' ಅಂದರೆ ಒಂದು ಗಂಟೆ ಅಂತ ನಮಗೆಲ್ಲ ಗೊತ್ತು. ಇವತ್ತು ನಾವೂ ಕೇಳುತ್ತೇವೆ ಸರ್, ಎರಡೇ ನಿಮಿಷ ಕೂತಿರಿ. (ನಗು ನಿಲ್ಲುವವರೆಗೆ ಕಾಯಿರಿ.) ನಮ್ಮ ಮಕ್ಕಳ ಊಟದ ಮೊದಲ ತುತ್ತು ದಿನಾ ನಿಮ್ಮದಾಗಿತ್ತು. ನಾಳೆಯಿಂದ ಆ ಕೆಲಸ ನಮ್ಮದು. ಆದರೆ ತಿಂಗಳಿಗೊಂದು ದಿನ ನೀವು ಬರಬೇಕು, ಮಕ್ಕಳ ಜೊತೆ ಕೂತು ಊಟ ಮಾಡಬೇಕು. ಸಾಂಬಾರಿಗೆ ಉಪ್ಪು ಜಾಸ್ತಿ ಆಗಿದ್ದರೆ ಮೊದಲಿನ ಹಾಗೇ ಬೈಯಬೇಕು ಸರ್."

ಇಲ್ಲಿ ಅವರು ಏನು ಮಾಡಬೇಕಾಗುತ್ತೆ ನೋಡಿ. ನಕ್ಕರೂ ಸರಿ, ಕಣ್ಣು ಒದ್ದೆಯಾದರೂ ಸರಿ, ಸುಮ್ಮನೆ 'ಆಯ್ತಮ್ಮ' ಅಂತ ತಲೆ ಆಡಿಸಿದರೂ ನಡೆಯುತ್ತದೆ. ಹೆಂಡತಿಯ ಹೆಸರು ಎಲ್ಲೂ ಬಂದಿಲ್ಲ. ಆದರೂ ಒಬ್ಬರೇ ಊಟ ಮಾಡುವ ಮನುಷ್ಯನಿಗೆ ಇಲ್ಲೊಂದು ಪಂಕ್ತಿ ಇದೆ ಅನ್ನೋದು ತಿಳಿಯುತ್ತದೆ. ಅದನ್ನು ಬಿಡಿಸಿ ಹೇಳಬೇಡಿ. ಸರ್ ಬೈಯೋರೇ ಅಲ್ಲ ಅಂದರೆ ಆ ಪದ ಬದಲಿಸಿ, 'ಹೇಳಬೇಕು' ಸಾಕು.

ಒಂದು ಷರತ್ತು ಇದೆ. ಈ ಮಾತು ವೇದಿಕೆಗೆ ಮಾತ್ರ ಆಗಬಾರದು. ಪ್ರಭಾರ ವಹಿಸಿಕೊಳ್ಳುವವರನ್ನೂ ಅಡುಗೆಯವರನ್ನೂ ಮೊದಲೇ ಕೇಳಿ. ಅವರು ಒಪ್ಪಿದರೆ ಮುಂದಿನ ತಿಂಗಳು ನೀವೇ ಫೋನ್ ಮಾಡಿ ಕರೆಯಿರಿ. ಕರೆಯೋಕೆ ಆಗೋದಿಲ್ಲ ಅನ್ನಿಸಿದರೆ ಈ ಹಾರೈಕೆ ಬಿಟ್ಟುಬಿಡಿ. ಕಾದು ಕೂತವರಿಗೆ ಕರೆ ಬರದಿದ್ದರೆ ಆಯುರಾರೋಗ್ಯದ ಹಳೇ ಮಾತೇ ಎಷ್ಟೋ ವಾಸಿಯಾಗಿತ್ತು ಅನ್ನಿಸುತ್ತದೆ.

ಇನ್ನೊಂದು, 'ಬೈಯಬೇಕು ಸರ್' ಅಂದ ಮೇಲೆ ಬೇರೆ ಏನೂ ಸೇರಿಸಬೇಡಿ. ನಮ್ಮಲ್ಲಿ ಎಷ್ಟೋ ಒಳ್ಳೆಯ ಭಾಷಣಗಳು ಕೆಡೋದು ಇಲ್ಲೇ. ಮಾತು ಮುಗಿದಿರುತ್ತದೆ, ಆಮೇಲೆ 'ಅವಕಾಶ ಕೊಟ್ಟ ಎಲ್ಲರಿಗೂ ವಂದಿಸುತ್ತಾ ನನ್ನ ಎರಡು ಮಾತನ್ನು ಮುಗಿಸುತ್ತೇನೆ, ಜೈ ಹಿಂದ್, ಜೈ ಕರ್ನಾಟಕ' ಬರುತ್ತದೆ. ಚಪ್ಪಾಳೆ ಆ ಸಾಲಿಗೆ ಬೀಳುತ್ತದೆ, ಸರ್ ಬಗ್ಗೆ ಹೇಳಿದ ಸಾಲಿಗೆ ಬೀಳೋದಿಲ್ಲ. ವಂದನೆ, ವೇದಿಕೆಯ ಮೇಲಿನವರ ಹೆಸರು, ಅವಕಾಶಕ್ಕೆ ಥ್ಯಾಂಕ್ಸ್, ಎಲ್ಲವನ್ನೂ ಶುರುವಿನಲ್ಲೇ ಹೇಳಿ ಮುಗಿಸಿ. 'ಕೊನೆಯದಾಗಿ' ಅನ್ನೋ ಪದವನ್ನೂ ಬಳಸಬೇಡಿ. ಅದು ಕಿವಿಗೆ ಬಿದ್ದ ಕೂಡಲೇ ಮಕ್ಕಳು ಚಪ್ಪಲಿ ಹುಡುಕೋಕೆ ಶುರು ಮಾಡುತ್ತಾರೆ. ಕೈಮುಗಿದು ಮೈಕ್ ಬಿಟ್ಟು ಬನ್ನಿ. ಇಲ್ಲಿ ನಿಮ್ಮ ಯಜಮಾನರ ಸಲಹೆಯೂ ಸೇರಿದ ಹಾಗಾಯಿತು, ಮನೆಯಲ್ಲಿ ಜಗಳ ಬೇಡ.

ನಿರೂಪಣೆ ಮಾಡೋರು ನಿಮ್ಮ ಸಹೋದ್ಯೋಗಿಯೇ ಇರಬೇಕು ಅಲ್ವಾ? ಅವರಿಗೆ ಹಿಂದಿನ ದಿನವೇ ಎರಡು ವಿಷಯ ಹೇಳಿಡಿ. ನಿಮ್ಮ ಮಾತಾದ ಮೇಲೆ ಚಪ್ಪಾಳೆ ಪೂರ್ತಿ ನಿಲ್ಲುವವರೆಗೆ ಮೈಕ್ ಮುಟ್ಟಬಾರದು. ಮತ್ತೆ, ನಿಮ್ಮ ನಂತರ ಸರ್ ಅವರೇ ಮಾತಾಡುವ ಹಾಗೆ ಪಟ್ಟಿ ಇರಬೇಕು. ನಡುವೆ ಇನ್ನೊಬ್ಬ ಅತಿಥಿಯ ಭಾಷಣ ತೂರಿದರೆ, ಉಪ್ಪಿನ ಬಗ್ಗೆ ಅವರು ಏನೋ ಉತ್ತರ ಕೊಡಬೇಕು ಅಂದುಕೊಂಡಿದ್ದು ಅಲ್ಲೇ ಮರೆತುಹೋಗುತ್ತದೆ.