ಡಿಬಿ ಬಾಕ್ಸಿನಿಂದ ಸುಟ್ಟ ವಾಸನೆ ಬರುತ್ತದೆ, ಆದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಎಲ್ಲಿ ಹುಡುಕಬೇಕು?

ಪ್ರಶ್ನೆ: ಗದಗದಾಗ ನಮ್ಮ ಮನಿ. ದಿನಾ ಮುಂಜಾನೆ ಡಿಬಿ ಬಾಕ್ಸಿನ ಹತ್ರ ಪ್ಲಾಸ್ಟಿಕ್ ಸುಟ್ಟಂಗ ವಾಸನಿ ಬರ್ತದ, ಮಧ್ಯಾಹ್ನದಾಗ ಇರಂಗಿಲ್ಲ. ಎಲೆಕ್ಟ್ರಿಶಿಯನ್ ಮುಚ್ಚಳಾ ತಗದು ನೋಡಿ "ಸ್ಕ್ರೂ ಎಲ್ಲಾ ಟೈಟ್ ಅದಾವ, ಏನೂ ಸುಟ್ಟಿಲ್ಲ" ಅಂದ್ರು. ಎಂಸಿಬಿನೂ ಒಮ್ಮೆನೂ ಬಿದ್ದಿಲ್ಲ. ಹಂಗಾರ ವಾಸನಿ ಬರೂದು ಎಲ್ಲಿಂದ?

ಉತ್ತರ:

ಕಾರಣ ಸಿಗುವ ತನಕ ಗೀಜರ್ ಹಚ್ಚಬೇಡಿ. ಮುಂಜಾನೆ ಮಾತ್ರ ವಾಸನೆ ಬರುತ್ತದೆ ಎಂದರೆ ಆ ಹೊತ್ತಿನಲ್ಲಿ ಓಡುವ ದೊಡ್ಡ ಲೋಡಿನ ದಾರಿಯಲ್ಲೇ ಎಲ್ಲೋ ಬಿಸಿಯಾಗುತ್ತಿದೆ, ಮತ್ತು ಬಹಳಷ್ಟು ಮನೆಗಳಲ್ಲಿ ಆ ಲೋಡು ಗೀಜರೇ. ಬಾಕ್ಸಿನೊಳಗೆ ಚಟಚಟ ಸದ್ದು ಬಂದರೆ, ಹೊಗೆ ಕಂಡರೆ, ಅಥವಾ ಮುಚ್ಚಳ ಮುಟ್ಟಲಾಗದಷ್ಟು ಬಿಸಿಯಾಗಿದ್ದರೆ ಅದರ ಗೊಡವೆಗೇ ಹೋಗಬೇಡಿ. ಮನೆಯವರನ್ನು ದೂರ ಸರಿಸಿ, ಹೆಸ್ಕಾಂನವರಿಗೆ ಹೇಳಿ ಹೊರಗಿನಿಂದಲೇ ಲೈನ್ ಬಂದ್ ಮಾಡಿಸಿ.

ಎಂಸಿಬಿ ಯಾಕೆ ಬೀಳಲಿಲ್ಲ ಅನ್ನುವುದು ತಿಳಿದರೆ ಹುಡುಕುವ ದಾರಿಯೂ ಸಿಗುತ್ತದೆ. ಎಂಸಿಬಿ ನೋಡುವುದು ಕರೆಂಟು ಮಿತಿ ಮೀರಿತೇ ಎಂದು, ಆರ್‌ಸಿಸಿಬಿ ನೋಡುವುದು ಕರೆಂಟು ಅರ್ಥಿಗೆ ಸೋರಿತೇ ಎಂದು. ಸಡಿಲ ಜೋಡಣೆಯಲ್ಲಿ ಇವೆರಡೂ ಆಗುವುದಿಲ್ಲ. 3 ಕಿಲೋವ್ಯಾಟ್ ಗೀಜರ್ ಸುಮಾರು 13 ಆಂಪಿಯರ್ ಎಳೆಯುತ್ತದೆ. ಅದರ ದಾರಿಯಲ್ಲಿನ ಒಂದು ಜೋಡಣೆ ಕೆಟ್ಟು ಅಲ್ಲಿ 0.1 ಓಮ್ ರೋಧ ಹುಟ್ಟಿತು ಅನ್ನಿ. ಅಲ್ಲಿ ಕಳೆದುಹೋಗುವ ವೋಲ್ಟೇಜು ಬರೀ 1.3, ನೀರು ಎಂದಿನಂತೆಯೇ ಕಾಯುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಆ ಒಂದು ಜಾಗದಲ್ಲಿ ಸುಮಾರು 17 ವ್ಯಾಟ್ ಶಾಖ ಹುಟ್ಟುತ್ತಿರುತ್ತದೆ. ರೇಡಿಯೋ ರಿಪೇರಿಯವರ ಸಣ್ಣ ಸಾಲ್ಡರಿಂಗ್ ಐರನ್ ಹೆಚ್ಚುಕಡಿಮೆ ಅಷ್ಟೇ ಶಾಖದಲ್ಲಿ ಸೀಸ ಕರಗಿಸುತ್ತದೆ. ಅದನ್ನು ಪ್ಲಾಸ್ಟಿಕ್ ಗೂಡಿನೊಳಗೆ ಅರ್ಧ ತಾಸು ಇಟ್ಟರೆ ವಾಸನೆ ಬರದೆ ಇರುತ್ತದೆಯೇ? ಶಾಖವು ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಫ್ಯಾನು, ಲೈಟು ಮಾತ್ರ ಓಡುವ ಮಧ್ಯಾಹ್ನ ಅದೇ ಜೋಡಣೆ ತಣ್ಣಗಿರುತ್ತದೆ.

ಇನ್ನು "ಸ್ಕ್ರೂ ಎಲ್ಲಾ ಟೈಟ್ ಅದಾವ" ಅನ್ನುವ ಮಾತು. ಸ್ಕ್ರೂ ಬಿಗಿಯಾಗಿರುವುದು ಬೇರೆ, ಅದು ತಾಮ್ರವನ್ನು ಹಿಡಿದಿರುವುದು ಬೇರೆ. ಡಿಬಿಯಲ್ಲಿ ಎಂಸಿಬಿಗಳಿಗೆಲ್ಲ ಫೇಸ್ ಹಂಚಲು ಬಾಚಣಿಗೆಯಂಥ ತಾಮ್ರದ ಬಸ್‌ಬಾರ್ ಇರುತ್ತದೆ. ನಮ್ಮ ಕಡೆಯ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಅದು ಎಂಸಿಬಿಗಳ ಕೆಳಬದಿಯಲ್ಲಿ. ಅದರ ಒಂದೊಂದು ಹಲ್ಲೂ ಒಂದೊಂದು ಎಂಸಿಬಿಯ ಟರ್ಮಿನಲ್ಲಿಗೆ ಹೋಗುತ್ತದೆ. ಆ ಟರ್ಮಿನಲ್ಲಿನೊಳಗೆ ಮೇಲೆ ಕೆಳಗೆ ಸರಿದಾಡುವ ಸಣ್ಣ ಲೋಹದ ಪಂಜರವಿದೆ. ಹಲ್ಲು ಪಂಜರದ ಒಳಗೆ ಕೂತರೆ ಸ್ಕ್ರೂ ತಿರುಗಿಸಿದಾಗ ಗಟ್ಟಿ ಹಿಡಿತ ಸಿಗುತ್ತದೆ. ಪಂಜರ ಅರ್ಧ ಮೇಲೆದ್ದಿರುವಾಗ ತಳ್ಳಿದರೆ ಹಲ್ಲು ಅದರ ಹಿಂದೆ ಜಾರಿ ಕೂರುತ್ತದೆ. ಆಮೇಲೆ ಸ್ಕ್ರೂ ಎಷ್ಟು ತಿರುಗಿಸಿದರೂ ಖಾಲಿ ಪಂಜರವೇ ಬಿಗಿಯಾಗುತ್ತದೆ, ಹಲ್ಲು ಬರೀ ತಾಗಿಕೊಂಡಿರುತ್ತದೆ. ಮುಂದಿನಿಂದ ನೋಡಿದವರಿಗೆ ಎಲ್ಲವೂ ಸರಿ. ಸುಡುವುದು ಹಿಂದೆ.

ಹುಬ್ಬಳ್ಳಿಯ ಕೇಶ್ವಾಪುರದ ಒಂದು ಮನೆಯಲ್ಲಿ ನಾನು ನೋಡಿದ್ದು ಇದನ್ನೇ. ಅಲ್ಲಿಯೂ ವಾಸನೆ ಸ್ನಾನದ ಹೊತ್ತಿಗೆ ಮಾತ್ರ, ಅಲ್ಲಿಯೂ ಏನೂ ಸುಟ್ಟಂತೆ ಕಾಣುತ್ತಿರಲಿಲ್ಲ. ವಿಚಾರಿಸಿದಾಗ "ಹೋದ ವರ್ಷ ಗೀಜರಿನ ಎಂಸಿಬಿ ಒಂದ ಬದಲಿ ಮಾಡಸೇವ್ರಿ" ಅಂದರು. ಒಂದೇ ಎಂಸಿಬಿ ಬದಲಿಸುವಾಗ ಬಸ್‌ಬಾರ್ ಪೂರ್ತಿ ಬಿಚ್ಚದೆ ಹಲ್ಲನ್ನು ಬಗ್ಗಿಸಿ ತೂರಿಸುವುದು ಸಾಮಾನ್ಯ, ಹಿಂದೆ ಜಾರುವುದೂ ಆಗಲೇ. ಹಾಗಾಗಿ ಯಾವ ಎಂಸಿಬಿ ಈಚೆಗೆ ಬದಲಾಗಿದೆ ಎಂದು ನೀವೂ ನೆನಪಿಸಿಕೊಳ್ಳಿ.

ಆ ಮನೆಯಲ್ಲಿ ಮೊದಲು ಬೇರೆ ದೊಡ್ಡ ಲೋಡೆಲ್ಲ ಬಂದ್ ಮಾಡಿ ಗೀಜರ್ ಒಂದನ್ನೇ ಇಪ್ಪತ್ತು ನಿಮಿಷ ಓಡಿಸಿದೆ, ನಾನು ಬೋರ್ಡಿನ ಎದುರೇ ನಿಂತು. ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ನೋಡಿದರೆ ಪಕ್ಕದ ಎಂಸಿಬಿಗಳ ಕೆಳಬದಿ 38 ಡಿಗ್ರಿ ಸೆಲ್ಸಿಯಸ್, ಗೀಜರಿನದು 71. ಅದರ ಮೇಲ್ಬದಿ, ಅಂದರೆ ಗೀಜರಿಗೆ ಹೋಗುವ ವೈರಿನ ಕಡೆ, 50ರ ಆಸುಪಾಸು. ಲೋಡು ಹೊತ್ತ ಎಂಸಿಬಿ ಖಾಲಿ ಎಂಸಿಬಿಗಿಂತ ತುಸು ಬೆಚ್ಚಗಿರುವುದು ಸಹಜ. ಆದರೆ ಅದರದೇ ಎರಡು ತುದಿಗಳ ನಡುವೆ ಇಷ್ಟು ಅಂತರ ಇರಬಾರದು. ಒಂದೇ ಕರೆಂಟು ಹರಿಯುವ, ಒಂದೇ ಬಗೆಯ ಎರಡು ಜೋಡಣೆಗಳಲ್ಲಿ 15 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ನಾನು ಆ ಬೋರ್ಡನ್ನು ಹಾಗೇ ಬಿಟ್ಟು ಬರುವುದಿಲ್ಲ. ಈ ಥರ್ಮಾಮೀಟರ್ ಹೊಳೆಯುವ ತಾಮ್ರದ ಮೇಲೆ ಬಿಸಿಯನ್ನು ಕಡಿಮೆ ತೋರಿಸುತ್ತದೆ, ಆದ್ದರಿಂದ ಎಂಸಿಬಿಯ ಪ್ಲಾಸ್ಟಿಕ್ ಮೈಗೆ ಅಥವಾ ವೈರಿನ ಇನ್ಸುಲೇಶನ್ನಿಗೆ ಹತ್ತಿರದಿಂದ ಹಿಡಿಯಬೇಕು. ಮುಚ್ಚಳ ತೆಗೆದ ಬೋರ್ಡಿನಲ್ಲಿ ಕರೆಂಟು ಇರುವಾಗ ಮಾಡುವ ಕೆಲಸ ಇದು. ಲೈಸೆನ್ಸ್ ಇರುವ ಎಲೆಕ್ಟ್ರಿಶಿಯನ್ನೇ ಮಾಡಲಿ, ನೀವು ಮಾಡಬೇಡಿ.

ಬಳಿಕ ಮೇನ್ ಬಂದ್ ಮಾಡಿ, ಮಲ್ಟಿಮೀಟರಿನಿಂದ ಫೇಸ್ ಇಲ್ಲವೆಂದು ಖಾತ್ರಿ ಮಾಡಿಕೊಂಡೆ. ಮೇನ್ ಬಂದ್ ಮಾಡಿದರೂ ಮೀಟರಿನಿಂದ ಬರುವ ವೈರು ಮತ್ತು ಅದು ಕೂರುವ ಮೇನಿನ ಟರ್ಮಿನಲ್ ಜೀವಂತವಾಗಿಯೇ ಇರುತ್ತವೆ. ಇದನ್ನು ಮರೆತು ಕೈ ಹಾಕಿದರೆ ಜೀವಕ್ಕೇ ಕುತ್ತು. ಅನುಮಾನ ಆ ಟರ್ಮಿನಲ್ಲಿನ ಮೇಲೇ ಇದ್ದರೆ ಮೀಟರಿನ ಕಡೆಯಿಂದ ಲೈನ್ ತೆಗೆಸದೆ ಮುಟ್ಟಬಾರದು. ಗೀಜರಿನ ಎಂಸಿಬಿಯ ಸ್ಕ್ರೂ ನಿಜಕ್ಕೂ ಬಿಗಿಯಾಗಿತ್ತು, ಒಂದು ಎಳೆಯೂ ತಿರುಗಲಿಲ್ಲ. ಆದರೆ ಎಂಸಿಬಿಯನ್ನು ಹಿಡಿದು ಮೆಲ್ಲಗೆ ಅಲುಗಿಸಿದಾಗ ಬಸ್‌ಬಾರ್ ಮೇಲೆ ಅದು ಕದಲಿತು, ಪಕ್ಕದವು ಕದಲಲಿಲ್ಲ. ಪರೀಕ್ಷೆ ಇದೇ: ಸ್ಕ್ರೂ ತಿರುಗಿಸಿ ನೋಡುವುದಲ್ಲ, ಹಲ್ಲನ್ನೂ ವೈರನ್ನೂ ಎಳೆದು ನೋಡುವುದು. ಬಿಚ್ಚಿದಾಗ ಹಲ್ಲು ಪಂಜರದ ಹಿಂದಿತ್ತು. ತಾಮ್ರ ಕಪ್ಪು ಮಿಶ್ರಿತ ನೇರಳೆಗೆ ತಿರುಗಿತ್ತು, ಎಂಸಿಬಿಯ ಬೆನ್ನಿನ ಪ್ಲಾಸ್ಟಿಕ್ ಕಂದಾಗಿತ್ತು.

ಇಂಥ ಕಡೆ ಸರಿಯಾಗಿ ಕೂರಿಸಿ ಮತ್ತೆ ಬಿಗಿ ಮಾಡಿದರೆ ಸಾಲದು. ಕಾದ ತಾಮ್ರದ ಮೇಲೆ ಆಕ್ಸೈಡ್ ಪದರ ಕಟ್ಟಿರುತ್ತದೆ, ಪಂಜರದ ಬಿಗುವು ಹೋಗಿರುತ್ತದೆ, ಎಂಸಿಬಿಯ ಒಳಗಿನ ಬೈಮೆಟಲ್ ಪಟ್ಟಿಯ ಮೇಲೂ ಭರವಸೆ ಇಡಲಾಗದು. ಎಂಸಿಬಿ, ಬಸ್‌ಬಾರ್ ಎರಡನ್ನೂ ಹೊಸದು ಹಾಕಿಸಿದೆ. ಬಸ್‌ಬಾರ್ ಅದೇ ಕಂಪನಿಯದು, ಅದೇ ಮಾಡೆಲ್ಲಿನದು ಆಗಿರಬೇಕು, ಇಲ್ಲವಾದರೆ ಹಲ್ಲಿನ ಅಳತೆ ಹೊಂದುವುದಿಲ್ಲ. ಸ್ಕ್ರೂಗಳನ್ನು ಪೂರ್ತಿ ಸಡಿಲಿಸಿ, ಪಂಜರಗಳು ತೆರೆದಿವೆ ಎಂದು ಟಾರ್ಚ್ ಹಿಡಿದು ನೋಡಿ, ಎಲ್ಲ ಹಲ್ಲುಗಳನ್ನೂ ಒಟ್ಟಿಗೆ ತೂರಿಸಿದ ಮೇಲೆ ಬಿಗಿ ಮಾಡಬೇಕು. ಎಷ್ಟು ಬಿಗಿ ಅನ್ನುವುದು ಎಂಸಿಬಿಯ ಮೇಲೋ ಅದರ ಚೀಟಿಯಲ್ಲೋ ಇರುತ್ತದೆ, ಮನೆಯ ಎಂಸಿಬಿಗಳಿಗೆ ಸಾಮಾನ್ಯವಾಗಿ 2ರಿಂದ 2.5 ನ್ಯೂಟನ್ ಮೀಟರ್. ಬಲ ಹಾಕಿ ಅದಕ್ಕೂ ಹೆಚ್ಚು ತಿರುಗಿಸಿದರೆ ಎಳೆ ಕಿತ್ತು ಮತ್ತೆ ಸಡಿಲವೇ. ಕೆಲಸ ಮುಗಿದ ಮೇಲೆ ಗೀಜರನ್ನು ಮತ್ತೆ ಅಷ್ಟೇ ಹೊತ್ತು ಓಡಿಸಿ ಅಳೆದಾಗ 44 ಡಿಗ್ರಿ ಬಂತು, ಎರಡೂ ತುದಿಯಲ್ಲಿ ಹೆಚ್ಚುಕಡಿಮೆ ಒಂದೇ.

ನಿಮ್ಮಲ್ಲಿ ಹಲ್ಲುಗಳೆಲ್ಲ ಸರಿಯಾಗಿದ್ದರೆ ಮುಂದೆ ನೋಡಬೇಕಾದ್ದು ನ್ಯೂಟ್ರಲ್ ಲಿಂಕ್, ಅಂದರೆ ನ್ಯೂಟ್ರಲ್ ವೈರುಗಳೆಲ್ಲ ಬಂದು ಸೇರುವ ತೂತುಗಳಿರುವ ಲೋಹದ ಪಟ್ಟಿ. ಹೋದ ಕರೆಂಟೆಲ್ಲ ಅಲ್ಲಿಂದಲೇ ಮರಳಬೇಕು, ಆದರೂ ಫೇಸಿನ ಕಡೆ ನೋಡಿದಷ್ಟು ಜನ ಅತ್ತ ನೋಡುವುದಿಲ್ಲ. ಒಂದೇ ತೂತಿನಲ್ಲಿ ದಪ್ಪ ವೈರು, ಸಣ್ಣ ವೈರು ಎರಡನ್ನೂ ಸೇರಿಸಿದ್ದರೆ ಸ್ಕ್ರೂ ದಪ್ಪದ್ದನ್ನು ಮಾತ್ರ ಒತ್ತುತ್ತದೆ, ಸಣ್ಣದು ಸುಮ್ಮನೆ ಕೂತಿರುತ್ತದೆ. ಸ್ಕ್ರೂ ಇನ್ಸುಲೇಶನ್ನಿನ ಮೇಲೇ ಕೂತಿರುವುದೂ ಉಂಟು. ಪ್ರತಿ ವೈರಿನ ಕೊನೆಯ ಒಂದೆರಡು ಸೆಂಟಿಮೀಟರನ್ನು ಬೆರಳಿನಲ್ಲಿ ಬಗ್ಗಿಸಿ ನೋಡಲಿ, ಮೇನ್ ಬಂದ್ ಇರುವಾಗಲೇ. ಕಾದ ಪಿವಿಸಿ ಬಣ್ಣ ಬದಲಾಗುವ ಮೊದಲೇ ಗಡುಸಾಗಿರುತ್ತದೆ. ಅಂಥ ತುದಿಯನ್ನು ಕತ್ತರಿಸಿ ಹೊಳೆಯುವ ತಾಮ್ರ ಕಾಣುವ ತನಕ ಹಿಂದೆ ಹೋಗಿ, ಹೊಸದಾಗಿ ಸುಲಿದು, ಬೇರೆ ತೂತಿನಲ್ಲಿ ಕೂರಿಸಬೇಕು. ನಿಮ್ಮದು ತ್ರೀಫೇಸ್ ಮನೆಯಾಗಿದ್ದರೆ ಇದನ್ನು ನಾಳೆಗೆ ಬಿಡಬೇಡಿ: ಮುಖ್ಯ ನ್ಯೂಟ್ರಲ್ ಪೂರ್ತಿ ಬಿಟ್ಟುಹೋದರೆ ಲೋಡು ಕಡಿಮೆ ಇರುವ ಫೇಸಿನಲ್ಲಿ ವೋಲ್ಟೇಜು 300 ದಾಟಬಹುದು, ಆಗ ಟಿವಿ, ಫ್ರಿಜ್ ಕೂಡ ಸುಡುತ್ತವೆ.