ವಿಡಿಯೋ ಕನ್ಸಲ್ಟೇಷನ್ ಮೆಸೇಜಲ್ಲಿ ಏನ್ ಬರೀಬೇಕು, ಕಾಲ್ ಕಟ್ಟಾದ್ರೆ ಯಾರು ಯಾರಿಗೆ ಫೋನ್ ಮಾಡ್ಬೇಕು

ಪ್ರಶ್ನೆ: ಒಂದು ಚಿಕ್ಕ ಕ್ಲಿನಿಕ್ಕಲ್ಲಿ ರಿಸೆಪ್ಷನ್‌ಗೆ ಹೊಸದಾಗಿ ಸೇರಿದ್ದೀನಿ. ವಿಡಿಯೋ ಕನ್ಸಲ್ಟೇಷನ್ ಇರೋ ಪೇಷೆಂಟ್‌ಗಳಿಗೆ ವಾಟ್ಸಾಪಲ್ಲಿ ಮೆಸೇಜ್ ಹಾಕೋದು ನನ್ನ ಕೆಲ್ಸ. ಟೈಮು, ಏನೇನ್ ರೆಡಿ ಇಟ್ಕೋಬೇಕು, ನೆಟ್ ಹೋದ್ರೆ ಏನ್ ಮಾಡ್ಬೇಕು, ಇದನ್ನೆಲ್ಲ ಹೇಗೆ ಬರೆದ್ರೆ ಜನ ಓದ್ತಾರೆ?

ನಾನು ಕೆಲ ವರ್ಷದಿಂದ ಒಂದು ಶುಗರ್ ಕ್ಲಿನಿಕ್ಕಲ್ಲಿ ಇದೇ ಕೆಲ್ಸ ಮಾಡ್ತಿದೀನಿ. ಕಟ್ಟಾಗೋ ವಿಷಯದಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ಎಲ್ರೂ ಅದನ್ನ ಕೊನೇಲಿ "ನೆಟ್‌ವರ್ಕ್ ತೊಂದರೆಯಾದಲ್ಲಿ ಸಂಪರ್ಕಿಸಿ" ಅಂತ ಒಂದು ಸಾಲು ಹಾಕಿ ಕೈ ತೊಳ್ಕೊಳ್ತಾರೆ, ನಾನೂ ಹಾಗೇ ಮಾಡ್ತಿದ್ದೆ. ಆಗ ಏನಾಗ್ತಿತ್ತು ಅಂದ್ರೆ ವಿಡಿಯೋ ಕಟ್ಟಾದ ತಕ್ಷಣ ಪೇಷೆಂಟ್ ನಮಗೆ ಫೋನ್ ಹಚ್ತಾರೆ, ಅದೇ ಹೊತ್ತಿಗೆ ನಾವು ಅವರಿಗೆ ಹಚ್ತೀವಿ, ಎರಡೂ ಕಡೆ ಬಿಝಿ, ಹೀಗೇ ಐದು ನಿಮಿಷ, ಅಷ್ಟರಲ್ಲಿ ಡಾಕ್ಟ್ರು ಮುಂದಿನವರನ್ನ ತಗೊಂಡಿರ್ತಾರೆ. ಅದಕ್ಕೇ ಫೋನ್ ಮಾಡೋರು ಯಾರು ಅನ್ನೋದನ್ನ ಮೆಸೇಜಲ್ಲೇ ಒಬ್ಬರಿಗೆ ಕಟ್ಟಿಬಿಡಿ. ನಮ್ಮಲ್ಲಿ ಈಗ ಪೇಷೆಂಟ್ ಅದೇ ಲಿಂಕನ್ನ ಇನ್ನೊಂದ್ಸಲ ಒತ್ತಿ ಎರಡು ನಿಮಿಷ ನೋಡ್ಬೇಕು, ಆಗ್ಲಿಲ್ಲ ಅಂದ್ರೆ ಫೋನ್ ಕೆಳಗಿಟ್ಟು ಸುಮ್ನಿರ್ಬೇಕು, ನಾವೇ ಮಾಮೂಲಿ ಫೋನ್ ಕಾಲ್ ಮಾಡ್ತೀವಿ. ಹತ್ತು ನಿಮಿಷ ಆದ್ರೂ ನಮ್ಮ ಫೋನ್ ಬರ್ಲಿಲ್ಲ ಅಂದ್ರೆ ಮಾತ್ರ ಅವರು ಮಾಡ್ಬೇಕು. ಮತ್ತೆ ದುಡ್ಡು ಕಟ್ಟೋ ಹಾಗಿಲ್ಲ ಅಂತಾನೂ ಬರೀರಿ, ಅದು ಬರೆದಿಲ್ಲ ಅಂದ್ರೆ ಕೆಲವರು ಆ ಭಯಕ್ಕೇ ಲಿಂಕ್ ಮತ್ತೆ ಒತ್ತೋದೇ ಇಲ್ಲ.

ಇದ್ರಲ್ಲೇ ಇನ್ನೊಂದು ಎಡವಟ್ಟು ಇದೆ. ಅಪಾಯಿಂಟ್‌ಮೆಂಟ್ ತಗೊಂಡಿದ್ದು ಬೆಂಗಳೂರಲ್ಲಿರೋ ಮಗ, ಪೇಷೆಂಟ್ ಊರಲ್ಲಿರೋ ಅಪ್ಪ, ಕಟ್ಟಾದಾಗ ನಾವು ಫೋನ್ ಮಾಡಿದ್ರೆ ಅದು ಹೋಗೋದು ಆಫೀಸಲ್ಲಿ ಕೂತಿರೋ ಮಗನಿಗೆ. ಹಾಗಾಗಿ "ಪೇಷೆಂಟ್ ಪಕ್ಕದಲ್ಲೇ ಇರೋ ಫೋನ್ ನಂಬರ್ ಕಳ್ಸಿ" ಅಂತ ಬೇರೆಯಾಗೇ ಕೇಳಿ, ಕೀಪ್ಯಾಡ್ ಫೋನ್ ಆದ್ರೂ ನಡೆಯುತ್ತೆ. ಅವತ್ತು ಅವರು ಯಾವ ಊರಲ್ಲಿ ಇರ್ತಾರೆ ಅಂತಾನೂ ತಗೊಳ್ಳಿ, ಮಾತಾಡ್ತಾ ಮಾತಾಡ್ತಾ ಅವರಿಗೆ ಏನಾದ್ರೂ ಆಗಿ ಲೈನ್ ಹೋದ್ರೆ 108ಕ್ಕೆ ನಾವೇ ಹೇಳ್ಬೇಕಾಗುತ್ತೆ, ಆಗ ಹಳೇ ಫೈಲಲ್ಲಿರೋ ವಿಳಾಸ ಉಪಯೋಗಕ್ಕೆ ಬರಲ್ಲ.

ಈಗ ನಾನು ನಿಜವಾಗ್ಲೂ ಹೆದರಿದ್ದು ಹೇಳ್ತೀನಿ. ವಯಸ್ಸಾದವರೊಬ್ರು, ಮೆಟ್‌ಫಾರ್ಮಿನ್ ಮತ್ತೆ ಗ್ಲಿಮೆಪಿರೈಡ್ ಎರಡೂ ತಗೊಳ್ತಿದ್ರು. ಡಾಕ್ಟ್ರು ಹೇಳ್ತಿದ್ದಿದ್ದು "ಊಟ ಮಾಡಕ್ಕಾಗ್ದೇ ಇರೋ ಹೊತ್ತಲ್ಲಿ ಆ ಗ್ಲಿಮೆಪಿರೈಡ್ ಮಾತ್ರೆ ನಿಲ್ಸಿ, ಊಟ ಶುರುವಾದ್ಮೇಲೆ ಮತ್ತೆ ತಗೊಳ್ಳಿ" ಅಂತ, ಯಾಕಂದ್ರೆ ಹೊಟ್ಟೆ ಖಾಲಿ ಇದ್ದಾಗ ಅದು ಶುಗರನ್ನ ತೀರಾ ಇಳಿಸಿಬಿಡುತ್ತೆ. ಧ್ವನಿ ತುಂಡು ತುಂಡಾಗಿ ಬಂದು ಆ ಕಡೆ ಕೇಳ್ಸಿದ್ದು "ಮಾತ್ರೆ ನಿಲ್ಸಿ" ಅಷ್ಟೇ, ಆಮೇಲೆ ಲೈನ್ ಹೋಯ್ತು. ನಾವು ವಾಪಸ್ ಫೋನ್ ಮಾಡಿದಾಗ "ಎಲ್ಲಾ ಅರ್ಥ ಆಯ್ತಮ್ಮ, ಸಾಕು" ಅಂದ್ರು, ಪಾಪ ನಮಗೆ ತೊಂದ್ರೆ ಕೊಡಬಾರ್ದು ಅಂತ. ಒಂಬತ್ತು ದಿನ ಎರಡೂ ಮಾತ್ರೆ ಮುಟ್ಟಿಲ್ಲ, ಬೆಳಿಗ್ಗೆ ಖಾಲಿ ಹೊಟ್ಟೆ ಶುಗರ್ 260 ದಾಟಿತ್ತು. ತಪ್ಪು ಅವರದಲ್ಲ, ಪ್ರಿಸ್ಕ್ರಿಪ್ಷನ್ ಕಳ್ಸಿದ್ದೆ ಆದ್ರೆ ಅದನ್ನೇ ನೋಡಿ ನಡ್ಕೊಳ್ಳಿ ಅಂತ ನಾನೆಲ್ಲೂ ಬರೆದಿರ್ಲಿಲ್ಲ. ಈಗ ಕಟ್ಟಾಗಿ ಮತ್ತೆ ಸೇರಿದ್ರೆ ಡಾಕ್ಟ್ರು ಮೊದ್ಲು ಕೇಳೋದೇ "ಕೊನೇಲಿ ನಾನೇನು ಹೇಳಿದ್ದು, ನೀವೇ ಹೇಳಿ" ಅಂತ. ಮೆಸೇಜಲ್ಲಿ ಒಂದು ಸಾಲು ಇದ್ದೇ ಇರುತ್ತೆ, ಬರೆದ ಚೀಟಿ ಬರೋ ತನಕ ಯಾವ ಮಾತ್ರೆಯನ್ನೂ ಬಿಡಬೇಡಿ, ಹೊಸದು ಶುರು ಮಾಡಬೇಡಿ ಅಂತ. ಚೀಟಿ ಕಳ್ಸೋವಾಗ ಅದ್ರಲ್ಲಿ ಡಾಕ್ಟ್ರ ರಿಜಿಸ್ಟ್ರೇಷನ್ ನಂಬರ್ ಇದೆಯಾ ನೋಡ್ಕೊಳ್ಳಿ, 2020ರ ಮಾರ್ಚಲ್ಲಿ ಬಂದ ಟೆಲಿಮೆಡಿಸಿನ್ ಗೈಡ್‌ಲೈನ್ಸ್ ಪ್ರಕಾರ ಅದು ಇರ್ಲೇಬೇಕು.

ಟೈಮ್ ವಿಷಯ ಸುಲಭ. "12.30ಕ್ಕೆ" ಅಂತ ಬರೀಬೇಡಿ, "ಮಂಗಳವಾರ ಮಧ್ಯಾಹ್ನ 12.30" ಅಂತ ವಾರ ಸೇರ್ಸಿ ಬರೀರಿ. ಲಿಂಕ್ ಒತ್ತೋ ಟೈಮ್ ಬೇರೆ, ಡಾಕ್ಟ್ರು ಬರೋ ಟೈಮ್ ಬೇರೆ ಅಂತ ಎರಡೂ ಹೇಳಿ. ಹತ್ತು ನಿಮಿಷ ಮುಂಚೆ ಸೇರ್ಕೊಳ್ಳಿ ಅನ್ನೋದು ಸುಮ್ನೆ ಅಲ್ಲ, ಕ್ಯಾಮೆರಾ ಮೈಕ್ ಪರ್ಮಿಷನ್ ಕೇಳಿದಾಗ ಗಾಬ್ರಿಯಲ್ಲಿ ಬೇಡ ಅಂತ ಒತ್ತಿಬಿಟ್ರೆ ಆಮೇಲೆ ಫೋನು ಮತ್ತೆ ಕೇಳ್ದೇನೂ ಇರ್ಬಹುದು, ಸೆಟ್ಟಿಂಗ್ಸಿಗೆ ಹೋಗಿ ಸರಿ ಮಾಡ್ಬೇಕು, ಅದಕ್ಕೆ ಟೈಮ್ ಬೇಕು.

ರೆಡಿ ಇಟ್ಕೊಳ್ಳೋದು ಅಂತ ಹದಿನೈದು ಐಟಂ ಪಟ್ಟಿ ಹಾಕಿದ್ರೆ ಯಾರೂ ಓದಲ್ಲ. ನಮ್ಮಲ್ಲಿ ಮೂರೇ ಕೇಳ್ತೀವಿ. ಮಾತ್ರೆ ಹೆಸ್ರು ಹೇಳೋದು ಬೇಡ, ಸ್ಟ್ರಿಪ್ಪೇ ಕೈಯಲ್ಲಿರ್ಲಿ, ಯಾಕಂದ್ರೆ 500 ಮಿಲಿಗ್ರಾಮಾ 1000 ಮಿಲಿಗ್ರಾಮಾ ಅನ್ನೋದು "ಬಿಳಿ ಮಾತ್ರೆ" ಅಂದ್ರೆ ಗೊತ್ತಾಗಲ್ಲ. ಶುಗರ್ ಮೆಷಿನ್ನೇ ಪಕ್ಕದಲ್ಲಿರ್ಲಿ, ಹಳೇ ರೀಡಿಂಗ್ ಅದ್ರಲ್ಲೇ ಇರುತ್ತೆ, ಬಿಪಿ ಮೆಷಿನ್ ಇದ್ರೆ ಐದು ನಿಮಿಷ ಸುಮ್ನೆ ಕೂತು ಆಮೇಲೆ ನೋಡಿರ್ಲಿ. ಇನ್ನು ರಿಪೋರ್ಟ್ ಫೋಟೋ, ಇದನ್ನ ಹಿಂದಿನ ದಿನ ಸಂಜೆಯೊಳಗೆ ಕಳ್ಸೋಕೆ ಹೇಳಿ. ಕಾಲ್ ನಡೀತಿರೋವಾಗ ಫೋಟೋ ತೆಗಿಯೋಕೆ ಹೋಗೇ ಎಷ್ಟೋ ಕಾಲ್ ಕಟ್ಟಾಗೋದು, ಅದನ್ನ ಆಮೇಲೆ ನೆಟ್‌ವರ್ಕ್ ತಲೆಗೆ ಕಟ್ತಾರೆ.

ನಾನೀಗ ಕಳ್ಸೋದು ಹೆಚ್ಚುಕಮ್ಮಿ ಹೀಗಿರುತ್ತೆ:

"ನಮಸ್ಕಾರ. ನಿಮ್ಮ ವಿಡಿಯೋ ಕನ್ಸಲ್ಟೇಷನ್ ಮಂಗಳವಾರ ಮಧ್ಯಾಹ್ನ 12.30ಕ್ಕೆ. 12.20ಕ್ಕೆ ಕೆಳಗಿನ ಲಿಂಕ್ ಒತ್ತಿ, ಕ್ಯಾಮೆರಾ ಮೈಕ್ ಕೇಳಿದ್ರೆ ಅಲೋ ಕೊಡಿ. ಮಾತ್ರೆ ಸ್ಟ್ರಿಪ್, ಶುಗರ್ ಮೆಷಿನ್ ಕೈಗೆ ಸಿಗೋ ಹಾಗಿರ್ಲಿ. ರಿಪೋರ್ಟ್ ಫೋಟೋ ಸೋಮವಾರ ಸಂಜೆಯೊಳಗೆ ಇದೇ ನಂಬರಿಗೆ ಕಳ್ಸಿ.
ಮುಖ ನಿಂತೋದ್ರೆ ನಿಮ್ಮ ವಿಡಿಯೋ ಆಫ್ ಮಾಡಿ ಮಾತಾಡ್ತಾ ಇರಿ. ಕಟ್ಟಾದ್ರೆ ಅದೇ ಲಿಂಕ್ ಮತ್ತೆ ಒತ್ತಿ. 2 ನಿಮಿಷದಲ್ಲಿ ಆಗದಿದ್ರೆ ನಾವೇ ಫೋನ್ ಮಾಡ್ತೀವಿ, ಲೈನ್ ಖಾಲಿ ಬಿಡಿ. 10 ನಿಮಿಷದಲ್ಲಿ ಬರದಿದ್ರೆ ಈ ನಂಬರಿಗೆ ಮಾಡಿ. ಮತ್ತೆ ಫೀಸ್ ಇಲ್ಲ. ಬರೆದ ಚೀಟಿ ಬರೋವರೆಗೆ ಯಾವ ಮಾತ್ರೆಯನ್ನೂ ಬಿಡಬೇಡಿ, ಹೊಸದು ಶುರು ಮಾಡಬೇಡಿ.
ಎದೆನೋವು, ಉಸಿರು ಕಟ್ಟೋದು, ಪ್ರಜ್ಞೆ ತಪ್ಪೋದು ಆದ್ರೆ ಈ ಕಾಲ್‌ಗೆ ಕಾಯದೆ 108ಕ್ಕೆ ಮಾಡಿ.
ಪೇಷೆಂಟ್ ಪಕ್ಕದಲ್ಲಿರೋ ಫೋನ್ ನಂಬರ್, ಅವತ್ತು ಇರೋ ಊರು ಬರೆದು 'ಒಪ್ಪಿಗೆ' ಅಂತ ರಿಪ್ಲೈ ಮಾಡಿ."

ವಿಡಿಯೋ ಆಫ್ ಮಾಡೋ ಸಾಲು ತೆಗೀಬೇಡಿ, ಧ್ವನಿಗೆ ಬೇಕಾಗೋ ಡೇಟಾ ವಿಡಿಯೋಗಿಂತ ತುಂಬಾ ಕಮ್ಮಿ, ಎಷ್ಟೋ ಸಲ ಅಷ್ಟಕ್ಕೇ ಕಾಲ್ ಉಳ್ಕೊಳ್ಳುತ್ತೆ. ಆದ್ರೆ ಕಾಲಿನ ಹುಣ್ಣು ತೋರಿಸೋದಿದ್ರೆ ಧ್ವನಿ ಮಾತ್ರ ಸಾಲಲ್ಲ, ಅಂಥವರಿಗೆ ಡಾಕ್ಟ್ರು ನೇರ ಕ್ಲಿನಿಕ್ಕಿಗೇ ಬನ್ನಿ ಅಂತಾರೆ. ಆ "ಒಪ್ಪಿಗೆ" ಯಾಕೆ ಅಂದ್ರೆ, ಪೇಷೆಂಟೇ ಕಾಲ್ ಶುರು ಮಾಡಿದ್ರೆ ಒಪ್ಪಿಗೆ ಇದೆ ಅಂತಾನೇ ಲೆಕ್ಕ, ನಮ್ಮ ಕಡೆಯಿಂದ ಶುರು ಮಾಡಿದ್ರೆ ಸ್ಪಷ್ಟವಾಗಿ ತಗೋಬೇಕು ಅಂತ ಅದೇ ಗೈಡ್‌ಲೈನ್ಸಲ್ಲಿದೆ. ಹಿಂದಿನ ದಿನ ಸಂಜೆಯೊಳಗೆ ರಿಪ್ಲೈ ಬರ್ದಿದ್ದವರಿಗೆ ನಾನು ಫೋನ್ ಮಾಡಿ ಪೂರ್ತಿ ಮೆಸೇಜ್ ಓದಿ ಹೇಳ್ತೀನಿ, ಅವರಲ್ಲಿ ಸುಮಾರು ಜನಕ್ಕೆ ಓದೋಕೆ ಕನ್ನಡಕ ಸಿಕ್ಕಿರಲ್ಲ ಅಷ್ಟೇ.