ಚಿತ್ರವನ್ನು ಲಗತ್ತಿಸಿ, ಸಂಖ್ಯೆಯನ್ನು ಬರೆಯಿರಿ

“ಮಗಳ ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿದ್ದೆ. ಗಡುವು ದಾಟಿದರೂ ಪೋರ್ಟಲ್‌ನಲ್ಲಿ ‘Pending’ ಎಂದೇ ಇದೆ. ಅದರ ಸ್ಕ್ರೀನ್‌ಶಾಟ್ ಮುದ್ರಿಸಿ, ‘ಚಿತ್ರ ನೋಡಿ ಕ್ರಮ ಕೈಗೊಳ್ಳಿ’ ಎಂದು ತಹಶೀಲ್ದಾರರಿಗೆ ದೂರು ಕೊಟ್ಟೆ. ಉತ್ತರವಿಲ್ಲ. ಕಣ್ಣಿಗೆ ಕಾಣುವ ಸಾಕ್ಷಿಗಿಂತ ಇನ್ನೇನು ಬೇಕು?”
— ಒಬ್ಬ ಓದುಗರು

ಸ್ಕ್ರೀನ್‌ಶಾಟ್ ಒಳ್ಳೆಯ ಸಾಕ್ಷಿ, ಒಪ್ಪುತ್ತೇನೆ. ಆದರೆ ನೀವು ದೂರನ್ನೇ ಬರೆದಿಲ್ಲವಲ್ಲ!

ನಿಮ್ಮ ಪತ್ರ ಮೊದಲು ಹೋಗುವುದು ಟಪಾಲು ಶಾಖೆಗೆ. ಅಲ್ಲಿನ ಗುಮಾಸ್ತರು ‘ವಿಷಯ’ದ ಸಾಲನ್ನು ನೋಡಿ ವಹಿಯಲ್ಲಿ ನಮೂದಿಸಿ, ವಿಷಯ ನಿರ್ವಾಹಕರಿಗೆ ಕಳುಹಿಸುತ್ತಾರೆ. ಮೊಬೈಲ್ ಪರದೆಯ ಚಿತ್ರ ಕಪ್ಪು–ಬಿಳುಪಿನಲ್ಲಿ ಮುದ್ರಣವಾದಾಗ ಸಂಖ್ಯೆಯ ಅಂಕಿಗಳು ಮಸಿಯಲ್ಲಿ ಮುಳುಗಿರುತ್ತವೆ. 3 ಯಾವುದು, 8 ಯಾವುದು ಎಂದು ತಿಳಿಯದು. ಅದನ್ನು ಕಣ್ಣು ಕಿರಿದಾಗಿಸಿ ಓದುವ ಕೆಲಸ ಅವರ ಪಾಲಿಗೆ ಏಕೆ ಬರಬೇಕು? ಕನ್ನಡದ ಕಚೇರಿ ಪತ್ರದಲ್ಲಿ ‘ಉಲ್ಲೇಖ’ ಎಂಬ ಸಾಲು ಇರುವುದೇ ಇದಕ್ಕಾಗಿ. ಸ್ವೀಕೃತಿ ಚೀಟಿಯನ್ನು ನೋಡಿ ‘RD’ಯಿಂದ ಆರಂಭವಾಗುವ ಅರ್ಜಿ ಸಂಖ್ಯೆ, ಅರ್ಜಿಯ ದಿನಾಂಕ, ಸಕಾಲದ ಸಂಖ್ಯೆ, ಎಲ್ಲವನ್ನೂ ಅಲ್ಲಿ ಅಂಕಿ ಅಂಕಿಯಾಗಿ ಬರೆಯಿರಿ.

ಸ್ಥಿತಿಯನ್ನು ಪರದೆಯಲ್ಲಿ ಕಂಡಂತೆಯೇ, ಇಂಗ್ಲಿಷಿನಲ್ಲಿದ್ದರೆ ಇಂಗ್ಲಿಷಿನಲ್ಲೇ ಬರೆಯಬೇಕು, ನೋಡಿದ ದಿನಾಂಕದೊಡನೆ. ಮೊಬೈಲ್ ಚಿತ್ರದ ಮೇಲಂಚಿನಲ್ಲಿ ಸಾಮಾನ್ಯವಾಗಿ ಗಂಟೆ ಮಾತ್ರ ಇರುತ್ತದೆ, ತಾರೀಖು ಇರುವುದಿಲ್ಲ. ಪತ್ರ ಮೇಜಿಗೆ ತಲುಪುವಷ್ಟರಲ್ಲಿ ಸ್ಥಿತಿ ‘Rejected’ ಆಗಿದ್ದರೆ ವಿಳಂಬದ ದೂರು ಅಲ್ಲಿಗೇ ಮುಗಿಯುತ್ತದೆ. ಆಗ ನೀವು ಕೇಳಬೇಕಾದದ್ದು ತಿರಸ್ಕಾರದ ಕಾರಣವನ್ನು. ಆದುದರಿಂದ ಪತ್ರ ಕೊಡುವ ದಿನವೇ ಮತ್ತೊಮ್ಮೆ ನೋಡಿ, ಹೀಗೆ ಬರೆಯಿರಿ:

“ಮೇಲ್ಕಂಡ ಅರ್ಜಿಯ ಸ್ಥಿತಿ ಈ ದಿನ ಪೋರ್ಟಲ್‌ನಲ್ಲಿ ‘Pending’ ಎಂದಿದೆ. ಸ್ವೀಕೃತಿಯಲ್ಲಿ ನಮೂದಿಸಿದ ಗಡುವು ಮುಗಿದಿದೆ. ಅರ್ಜಿ ಯಾವ ಅಧಿಕಾರಿಯ ಬಳಿ, ಯಾವ ದಿನಾಂಕದಿಂದ, ಏಕೆ ಬಾಕಿ ಇದೆ ಎಂದು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.”

ಎರಡು ಪ್ರತಿ ಒಯ್ದು, ಒಂದರ ಮೇಲೆ ಮೊಹರು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ಚಿತ್ರವನ್ನು ಲಗತ್ತಾಗಿ ಕೊನೆಗೆ ಸೇರಿಸಿ. ಗಡುವು ದಾಟಿರುವುದರಿಂದ ಸಕಾಲ ಕಾಯ್ದೆಯಡಿ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸುವ ದಾರಿಯೂ ನಿಮಗಿದೆ. 2011ರ ಆ ಕಾಯ್ದೆ ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರವನ್ನು ಹೇಳುತ್ತದೆ. ಮೊತ್ತ ಸಣ್ಣದು, ನಿಜ. ಆದರೆ ಅದನ್ನು ಕೇಳಿದಾಗ ತಡ ಮಾಡಿದವರು ಯಾರೆಂಬ ಪ್ರಶ್ನೆ ಕಡತದಲ್ಲಿ ಬಂದು ಕೂರುತ್ತದೆ.

ನನ್ನ ಸಿಟ್ಟು ಇರುವುದು ಆ ಒಂಟಿ ‘Pending’ ಮೇಲೆ. ಹಿಂದೆ ಕಡತ ಯಾರ ಮೇಜಿನ ಮೇಲಿದೆ ಎಂದು ಕೇಳಿದರೆ ಯಾರಾದರೂ ಬೆರಳು ತೋರಿಸುತ್ತಿದ್ದರು. ಈಗ ಗ್ರಾಮ ಆಡಳಿತ ಅಧಿಕಾರಿಯ ಸ್ಥಳ ಪರಿಶೀಲನೆ ಆಗಿಲ್ಲವೋ, ವರದಿ ಬಂದೂ ಮೇಲಿನವರ ಒಪ್ಪಿಗೆ ಸಿಕ್ಕಿಲ್ಲವೋ, ದಾಖಲೆಯೇ ಕೊರತೆಯೋ, ಎಲ್ಲಕ್ಕೂ ಅದೊಂದೇ ಪದ. ಹುದ್ದೆಯ ಹೆಸರು, ಕಡತ ಬಂದ ದಿನಾಂಕ, ಬಾಕಿಯ ಕಾರಣ, ಈ ಮೂರನ್ನೂ ಪರದೆಯಲ್ಲೇ ತೋರಿಸುವಂತೆ ಇಲಾಖೆಗೆ ನೀವೂ ಒಂದು ಪತ್ರ ಬರೆಯಿರಿ. ಅದರ ಪ್ರತಿಯನ್ನು ನಮಗೆ ಕಳುಹಿಸಿದರೆ ಪ್ರಕಟಿಸುತ್ತೇವೆ.